ಮೇಣಬತ್ತಿ ಹಿಡಿದು ಮುಚ್ಚಿದ ಸೀರೆ

ನಮ್ಮ ಮನೆಯಲ್ಲಿ ಆಯಿಗೂ ಅಜ್ಜಿಗೂ ಜಗಳವಾಗುತ್ತಿದ್ದದ್ದು ಅಡುಗೆಯ ವಿಷಯಕ್ಕಲ್ಲ, ಬಟ್ಟೆ ತೆಗೆದಿಡುವ ವಿಷಯಕ್ಕೆ. ಬೇರೆ ಮನೆಗಳ ಅತ್ತೆ ಸೊಸೆಯರು ಉಪ್ಪು ಹೆಚ್ಚಾಯಿತು, ಹುಳಿ ಕಡಿಮೆಯಾಯಿತು ಎಂದು ಮುಖ ತಿರುಗಿಸುತ್ತಿದ್ದರೆ, ನಮ್ಮವರು ಕಪಾಟಿನ ಎದುರು ನಿಂತು ವಾದ ಮಾಡುತ್ತಿದ್ದರು. ಹೊನ್ನಾವರದ ಮಳೆಗಾಲ ಕಂಡವರಿಗೆ ಇದು ಸಣ್ಣ ವಿಷಯ ಅಂತ ಅನ್ನಿಸಲಿಕ್ಕಿಲ್ಲ. ಜೂನ್ ತಿಂಗಳಲ್ಲಿ ಗೋಡೆಗೆ ಕೈಯಿಟ್ಟರೆ ಕೈ ಒದ್ದೆಯಾಗುವ ಊರು ಅದು. ಅಪ್ಪನ ಚರ್ಮದ ಚಪ್ಪಲಿಗೆ ಒಂದೇ ವಾರದಲ್ಲಿ ಹಸಿರು ಮೀಸೆ ಬರುತ್ತಿತ್ತು. ಅಂಥಲ್ಲಿ ಒಂದು ರೇಷ್ಮೆ ಸೀರೆಯನ್ನು ಮಗಳ ಮದುವೆಯವರೆಗೆ ಕಾಪಾಡುವುದೆಂದರೆ ಸಾಮಾನ್ಯದ ಕೆಲಸವಲ್ಲ.

ಆಯಿ ಅಂದರೆ ನನ್ನ ಅಮ್ಮ, ಅಜ್ಜಿ ಅಂದರೆ ಅಪ್ಪನ ತಾಯಿ. ಅಜ್ಜಿಯದು ಒಂದೇ ಪದ್ಧತಿ. ಸವೆದು ಮೆತ್ತಗಾದ ಹಳೆಯ ಹತ್ತಿ ಪಂಚೆಯನ್ನು ಗಂಜಿ, ನೀಲಿ ಏನನ್ನೂ ಹಾಕದೆ ಒಗೆದು ಒಣಗಿಸಿ, ಅದರಲ್ಲಿ ಸೀರೆ ಸುತ್ತಿಡುವುದು. ಗಂಜಿ ಹಾಕಿದರೆ ಹುಳ ಬರುತ್ತದೆ ಎಂಬುದು ಅವಳ ಲೆಕ್ಕ. ಮಳೆ ಹಿಂದೆ ಸರಿದು ನವರಾತ್ರಿ ಕಳೆಯುತ್ತಲೇ ಮನೆಯ ಎಲ್ಲ ಗಂಟುಗಳನ್ನೂ ಬಿಚ್ಚಬೇಕು. ಸೀರೆಗಳನ್ನು ಜಗಲಿಯ ನೆರಳಿನಲ್ಲಿ ಹರವಬೇಕು, ಹಳೆಯ ಮಡಿಕೆ ಬಿಡಿಸಿ ಬೇರೆ ಜಾಗದಲ್ಲಿ ಹೊಸ ಮಡಿಕೆ ಹಾಕಬೇಕು. ಸೀರೆ ಮಡಚಲು ಇಬ್ಬರು ಬೇಕಲ್ಲ. ಅಜ್ಜಿ ಒಂದು ತುದಿ ಹಿಡಿದು, ಮನೆಯೊಳಗೆ ಮುಖ ಮಾಡಿ, "ಯಾರಾದ್ರೂ ಬನ್ನಿ, ಆಚೆ ಬದಿ ಹಿಡೀರಿ" ಎಂದು ಕರೆಯುತ್ತಿದ್ದಳು. ಆ 'ಯಾರಾದರೂ' ಪ್ರತಿ ವರ್ಷ ನಾನೇ ಆಗುತ್ತಿದ್ದೆ. ಆಯಿ ಒಳಗೆ ಇದ್ದರೂ ಕೇಳಿಸದವಳ ಹಾಗೆ ತೆಂಗಿನಕಾಯಿ ಹೆರೆಯುತ್ತಿದ್ದಳು.

ಆಯಿಗೆ ಅಜ್ಜಿಯ ಪದ್ಧತಿಯಲ್ಲಿ ನಂಬಿಕೆ ಇರಲಿಲ್ಲ. ಅದಕ್ಕೆ ಕಾರಣವೂ ಇತ್ತು. ಅಜ್ಜಿಯ ಸ್ವಂತ ಮದುವೆಯ ಸೀರೆ ಕಂದು ಬಣ್ಣಕ್ಕೆ ತಿರುಗಿ, ಮಡಿಕೆ ಮಡಿಕೆಗೆ ಸೀಳಿ, ಅವಳ ಪೆಟ್ಟಿಗೆಯ ತಳದಲ್ಲಿ ಪಂಚೆಯೊಂದರಲ್ಲಿ ಬಿದ್ದಿತ್ತು. ಆಯಿ ಮದುವೆಯಾಗಿ ಬಂದ ಹೊಸದರಲ್ಲಿ ಯಾವಾಗಲೋ ಅದನ್ನು ನೋಡಿಬಿಟ್ಟಿದ್ದಳು. ಮಾತಿಗೆ ಮಾತು ಬೆಳೆದಾಗಲೆಲ್ಲ ಕೊನೆಯ ಬಾಣ ಅದೇ.

"ಪಂಚೆ ಅಷ್ಟು ಚೊಲೋ ಆದ್ರೆ ನಿಮ್ಮ ಸೀರೆ ಎಂತಕ್ಕೆ ಹಾಂಗಾತು?" ಎಂದು ಆಯಿ ಕೇಳುವಳು. ಅಜ್ಜಿ ಬಾಯಿ ಮುಚ್ಚಿಕೊಂಡು ಹಿತ್ತಿಲಿಗೆ ಹೋಗಿಬಿಡುವಳು. ಬೇರೆ ಎಲ್ಲದಕ್ಕೂ ಜವಾಬು ಇದ್ದ ಅಜ್ಜಿ ಇದೊಂದಕ್ಕೆ ಮಾತ್ರ ಸುಮ್ಮನಾಗುವುದು ನನಗೆ ವಿಚಿತ್ರವೆನಿಸುತ್ತಿತ್ತು. ಆಯಿಗೆ ಅದು ಗೆಲುವಿನ ಹಾಗೆ ಕಾಣುತ್ತಿತ್ತು.

ಆಯಿಯ ಧಾರೆ ಸೀರೆ ಹಾಲುಬಣ್ಣದ್ದು. ಜರಿಗೆರೆಯ ಕೆಂಪು ಅಂಚು, ಸೆರಗಿನ ತುಂಬ ಜರಿ. ಅವಳ ತವರು ಕುಮಟಾ. ಅವಳ ಅಪ್ಪ ಪೇಟೆಯ ಅಂಗಡಿಗಳನ್ನೆಲ್ಲ ಅಲೆದು, ಯಾವುದೂ ಮನಸ್ಸಿಗೆ ಬಾರದೆ, ಕೊನೆಗೆ ಹುಬ್ಬಳ್ಳಿಗೇ ಹೋಗಿ ತಂದ ಸೀರೆಯಂತೆ. ಮದುವೆಯಾದ ವರ್ಷದ ಮಳೆಗಾಲದಲ್ಲೇ ಆ ಅಜ್ಜ ಜ್ವರ ಬಂದು ತೀರಿಕೊಂಡ. ಅವನದೊಂದು ಫೋಟೋ ಕೂಡ ಇರಲಿಲ್ಲ. ಆಯಿಗೆ ತನ್ನ ಅಪ್ಪ ಅಂದರೆ ಆ ಸೀರೆಯೇ. ಅಕ್ಕ ಹುಟ್ಟಿದಾಗಿನಿಂದ ಅವಳು ಹೇಳುತ್ತ ಬಂದದ್ದು ಒಂದೇ ಮಾತು, "ಇವಳ ಧಾರೆ ಇದೇ ಸೀರೇಲಿ ಆಗೂದು."

ಅಕ್ಕನಿಗೆ ಭಟ್ಕಳದ ಕಡೆಯ ಹುಡುಗನೊಂದಿಗೆ ಸಂಬಂಧ ಕುದುರಿತು. ಅರವತ್ತರ ದಶಕದ ನಡುವಿನ ಮಾತು, ನಾನಾಗ ಹೈಸ್ಕೂಲಿನಲ್ಲಿದ್ದೆ. ನಿಶ್ಚಯಕ್ಕೆ ಅವರ ಕಡೆಯವರು ತಾರಿ ದೋಣಿಯಲ್ಲಿ ಶರಾವತಿ ದಾಟಿ ಬಂದರು. ಮಳೆ ಹಿಡಿಯುವ ಮುಂಚೆ ಮುಗಿಸಬೇಕೆಂದು ಎರಡೂ ಕಡೆಯವರು ಅವಸರ ಮಾಡಿದ್ದರು. ಮಳೆಗೆ ಯಾರೂ ಹೇಳಿರಲಿಲ್ಲ, ಅದು ಅಂದೇ ಬಂತು. ಆಯಿಯ ಹಾಲುಬಣ್ಣದ ಸೀರೆ ಉಟ್ಟ ಅಕ್ಕ ಹಿರಿಯರಿಗೆಲ್ಲ ನಮಸ್ಕಾರ ಮಾಡಿ, ತುಳಸಿಕಟ್ಟೆಗೆ ಹೋಗಿ ಬರುವಷ್ಟರಲ್ಲಿ ಅಂಚು ಒದ್ದೆಯಾಯಿತು. ಹುಡುಗನ ತಾಯಿ ಎತ್ತರದ, ಕಡಿಮೆ ಮಾತಿನ ಹೆಂಗಸು. ಅವರು ಹೊರಡುವ ಮುಂಚೆ ಅಕ್ಕನ ಸೆರಗನ್ನು ಎರಡು ಬೆರಳಲ್ಲಿ ಹಿಡಿದು ನೋಡಿ, "ಇಂಥ ಬಣ್ಣ ಈಗ ಎಲ್ಲಿ ಸಿಕ್ತದೆ? ಧಾರೆಗೂ ಇದನ್ನೇ ಉಡ್ಸಿ, ಹೊಸತು ಬೇಡ" ಎಂದರು. ಆಯಿಗೆ ಸ್ವರ್ಗ ಮೂರೇ ಗೇಣು.

ಮದುವೆ ಚಳಿಗಾಲ ಕಳೆದ ಮೇಲೆ. ನಡುವೆ ಇಡೀ ಮಳೆಗಾಲ ಇತ್ತು. ಸೀರೆಯನ್ನು ಏನು ಮಾಡುವುದು?

ಆ ಬೇಸಿಗೆಯಲ್ಲಿ ಬೊಂಬಾಯಿಯಿಂದ ಬಂದ ಸೋದರಮಾವ ದಪ್ಪ ಪ್ಲಾಸ್ಟಿಕ್ ಕೊಟ್ಟೆಗಳ, ಅಂದರೆ ಚೀಲಗಳ, ಒಂದು ಕಟ್ಟು ತಂದಿದ್ದ. ನಮ್ಮ ಓಣಿಗೆ ಅದೇ ಒಂದು ಸಂಭ್ರಮ. ಗಾಜಿನ ಹಾಗೆ ಆಚೆಯದು ಕಾಣುತ್ತದೆ, ನೀರು ಹೋಗುವುದಿಲ್ಲ, ಇರುವೆ ಹೋಗುವುದಿಲ್ಲ. ಆಯಿ ಮೊದಲು ಅದರಲ್ಲಿ ಹಪ್ಪಳ ಹಾಕಿದಳು. ಮಾವ ಕಲಿಸಿದಂತೆ, ಮುರಿದ ಗರಗಸದ ಅಲಗಿಗೆ ಕೊಟ್ಟೆಯ ಬಾಯಿ ಮಡಚಿ, ಹೊರಗೆ ಇಣುಕಿದ ಅಂಚಿನ ಉದ್ದಕ್ಕೂ ಮೇಣಬತ್ತಿಯ ಉರಿ ಓಡಿಸಿದರೆ ಬಾಯಿ ಕರಗಿ ಅಂಟಿಕೊಳ್ಳುತ್ತಿತ್ತು. ಮೊದಲ ಮಳೆ ಬಿದ್ದು ವಾರವಾದ ಮೇಲೆ ಒಡೆದು ನೋಡಿದರೆ ಹಪ್ಪಳ ಟಣ್ ಎನ್ನುವಷ್ಟು ಗರಿಗರಿ! ಡಬ್ಬಿಯಲ್ಲಿಟ್ಟ ಅಜ್ಜಿಯ ಹಪ್ಪಳ ಆಗಲೇ ಮೆತ್ತಗಾಗಿ ಬಾಳೆಎಲೆಯ ಹಾಗೆ ಬಾಗುತ್ತಿತ್ತು.

ಅಲ್ಲಿಗೆ ಆಯಿಯ ತೀರ್ಮಾನ ಆಗಿಹೋಯಿತು. ಹಪ್ಪಳಕ್ಕೆ ಆದದ್ದು ಸೀರೆಗೆ ಯಾಕೆ ಆಗಬಾರದು?

ಒದ್ದೆಯಾದ ಸೀರೆಯನ್ನು ಅವಳು ಒಣಗಿಸದೆ ಇಡಲಿಲ್ಲ. ಅವಳೇನು ದಡ್ಡಿಯಲ್ಲ. ಮಳೆಗಾಲದಲ್ಲಿ ನಾವೆಲ್ಲ ಬಟ್ಟೆ ಒಣಗಿಸುತ್ತಿದ್ದ ಹಾಗೆಯೇ, ಬಚ್ಚಲ ಒಲೆಯ ಆಚೆಯ ಕೋಣೆಯಲ್ಲಿ, ಹೊಗೆ ತಾಗದಂತೆ ದೂರದಲ್ಲಿ ಹಗ್ಗ ಕಟ್ಟಿ, ಹಳೆಯ ಬಟ್ಟೆ ಮುಚ್ಚಿ ಹರವಿದಳು. ಹಪ್ಪಳ ಒಡೆದು ನೋಡಿದ ದಿನ ಮುಟ್ಟಿದರೆ ಸೀರೆ ಬೆಚ್ಚಗಿತ್ತು. ಬೆಚ್ಚಗಿದ್ದರೆ ಒಣಗಿದೆ ಎಂದೇ ಅರ್ಥ ನಮ್ಮಲ್ಲಿ. ಆ ಬಿಸಿ ಆರುವ ಮುಂಚೆಯೇ, ತಂಡಿ ಹತ್ತಬಾರದೆಂದು, ಸೆರಗು ಮೇಲೆ ಕಾಣುವಂತೆ ಹಿಂದೆ ಮುಂದೆ ಮಡಚಿ, ತಳಕ್ಕೆ ನಾಲ್ಕು ಡಾಂಬರುಗುಳಿಗೆ ಹಾಕಿ, ಕೊಟ್ಟೆಗೆ ಇಳಿಸಿದಳು. ಮೇಣಬತ್ತಿ ಹಚ್ಚಿದಳು.

ಅಜ್ಜಿ ಬಾಗಿಲಲ್ಲಿ ನಿಂತಿದ್ದಳು. "ಅದಕ್ಕೆ ಉಸಿರು ಬೇಡ್ದಾ?" ಎಂದಳು.

"ಸೀರೆಗೆ ಮೂಗಿದ್ಯಾ?" ಎಂದಳು ಆಯಿ. ನಾನು ನಕ್ಕೆ. ನಗು ಬರುವ ಹಾಗೆಯೇ ಹೇಳಿದ್ದಳು.

ಹಪ್ಪಳಕ್ಕೂ ಸೀರೆಗೂ ಇದ್ದ ಅಂತರ ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಹಪ್ಪಳ ಏಪ್ರಿಲ್ ತಿಂಗಳ ಬಿಸಿಲಲ್ಲಿ ಒಂದು ಹನಿ ನೀರಿನಂಶ ಇಲ್ಲದಂತೆ ಒಣಗಿ ಕೊಟ್ಟೆ ಸೇರಿತ್ತು. ಸೀರೆಯೋ, ಜೂನ್ ತಿಂಗಳ ಗಾಳಿಯನ್ನು ಎಳೆ ಎಳೆಯಲ್ಲೂ ಕುಡಿದುಕೊಂಡಿತ್ತು. ಕೊಟ್ಟೆ ಹೊರಗಿನ ತೇವವನ್ನು ಒಳಗೆ ಬಿಡುವುದಿಲ್ಲ, ಸರಿ. ಒಳಗಿನದನ್ನು ಹೊರಗೂ ಬಿಡುವುದಿಲ್ಲವಲ್ಲ! ಈಗ ಹೇಳುವುದು ಸುಲಭ. ಅವತ್ತು ಆ ಹೊಳೆಯುವ ಪೊಟ್ಟಣ ನೋಡಿದ್ದರೆ ನೀವೂ ಆಯಿಯ ಪಕ್ಷವನ್ನೇ ಹಿಡಿಯುತ್ತಿದ್ದಿರಿ.

ಪೊಟ್ಟಣ ಗೋಡೆಯ ಕಪಾಟಿನಲ್ಲಿ, ಚಿರೆಕಲ್ಲಿನ ಗೋಡೆಗೆ ಒರಗಿ ಕುಳಿತಿತು. ಪಶ್ಚಿಮದ ಗೋಡೆ, ಮಳೆಯ ಹೊಡೆತ ಪೂರಾ ಅದಕ್ಕೇ. ಆಯಿ ಬಂದವರಿಗೆಲ್ಲ ಕಪಾಟು ತೆರೆದು ತೋರಿಸುತ್ತಿದ್ದಳು. ಮುಟ್ಟುವ ಹಾಗಿಲ್ಲ, ಬರೇ ನೋಡುವುದು. ಪ್ಲಾಸ್ಟಿಕ್ಕಿನ ಆಚೆ ಜರಿಸೆರಗು ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು. ಓಣಿಯ ಹೆಂಗಸರು ತಮ್ಮ ಗಂಡಂದಿರಿಗೂ ಕೊಟ್ಟೆ ತರಲು ಹೇಳತೊಡಗಿದರು.

ಆಷಾಢ ಕಳೆಯುವ ಹೊತ್ತಿಗೆ ಅಜ್ಜಿ ಒಂದು ದಿನ ಕಪಾಟಿನೊಳಗೆ ತಲೆ ಹಾಕಿ, ಗೋಡೆಯ ಬದಿಗೆ ಕಣ್ಣು ಕಿರಿದು ಮಾಡಿ ನೋಡಿದಳು.

"ಅದರ ಬೆನ್ನ ಬದಿಗೆ ಬೆವರು ಬಂದದೆ. ತೆಗ್ದುಬಿಡು" ಎಂದಳು.

ಆಯಿ ಬಂದು ನೋಡಿದಳು. ಕೊಟ್ಟೆಯ ಹಿಂಬದಿಯ ಒಳಮೈಗೆ ಮಂಜು ಕಟ್ಟಿದ ಹಾಗೆ ಸಣ್ಣ ಹನಿಗಳು ಇದ್ದವು. ಅವಳ ಮುಖ ಒಂದು ಗಳಿಗೆ ಬದಲಾದದ್ದನ್ನು ನಾನು ನೋಡಿದೆ. ಆದರೆ ಹೇಳಿದವಳು ಅಜ್ಜಿಯಲ್ಲವೆ? "ಈ ಮಳೇಲಿ ತೆಗೆದ್ರೆ ಇದ್ದಬಿದ್ದ ತಂಡಿ ಎಲ್ಲ ಒಳಗೆ ಹೋಗ್ತದೆ. ಮಳೆ ಬಿಡ್ಲಿ" ಎಂದು ಕಪಾಟು ಮುಚ್ಚಿದಳು. ಆ ಮಾತಿನಲ್ಲೂ ಅರ್ಥ ಇಲ್ಲದಿರಲಿಲ್ಲ, ಅದೇ ಕಷ್ಟ. ಆದರೆ ಅದನ್ನು ನೆರೆಮನೆಯಾಕೆ ಹೇಳಿದ್ದರೆ ಆಯಿ ಅಂದೇ ಬಿಚ್ಚುತ್ತಿದ್ದಳು ಎಂಬುದು ನನಗೆ ಖಾತ್ರಿ. ಅತ್ತೆಯ ಮಾತಿಗೆ ಸೀರೆ ಬಿಚ್ಚಿದರೆ ಅಷ್ಟು ವರ್ಷಗಳ ವಾದ ಸೋತಂತೆ. ಹೀಗೆ ಎರಡು ಹಟಗಳ ನಡುವೆ ಸಿಕ್ಕಿ ಆ ಬಡಪಾಯಿ ಸೀರೆ ಭಾದ್ರಪದವನ್ನೂ ಕಳೆಯಿತು.

ನವರಾತ್ರಿ ಮುಗಿದು ಒಳ್ಳೆಯ ಬಿಸಿಲು ಬಿದ್ದ ದಿನ ಆಯಿ ಪೊಟ್ಟಣವನ್ನು ಜಗಲಿಗೆ ತಂದು ಕತ್ತರಿಯಿಂದ ಬಾಯಿ ಕತ್ತರಿಸಿದಳು. ಬಂದ ವಾಸನೆ ಮೊದಲು ನನ್ನ ಮೂಗಿಗೆ ಹೊಡೆಯಿತು. ಮುಚ್ಚಿಟ್ಟ ಕೋಣೆಯ ಮುಗ್ಗಲು, ಅದರ ಮೇಲೆ ಡಾಂಬರುಗುಳಿಗೆಯ ಘಾಟು. ಸೆರಗು ಮಾತ್ರ ಹೇಗಿತ್ತೋ ಹಾಗೇ ಇತ್ತು. ಅಕ್ಕ, "ಚೊಲೋ ಇದ್ಯಲ್ಲೇ ಆಯಿ" ಎಂದು ಖುಷಿಯಿಂದ ಹೇಳಿದಳು. ಆಯಿ ಒಂದೊಂದೇ ಮಡಿಕೆ ಬಿಡಿಸುತ್ತ ಹೋದಳು. ನಡುವೆ ಬಂದಂತೆ ಮಡಿಕೆಯ ಗೆರೆಗಳಲ್ಲಿ ಹಳದಿ ಕಾಣಿಸಿತು. ತಳದ ಮಡಿಕೆಗಳು, ಗೋಡೆಯ ಬದಿಗೆ ಇದ್ದವು, ಹಾಲುಬಣ್ಣ ಹೋಗಿ ಚಹಾ ಚೆಲ್ಲಿದ ಹಾಗೆ ಆಗಿದ್ದವು. ಬೂದುಬಣ್ಣದ ಬೂಷ್ಟು ಚುಕ್ಕೆ ಚುಕ್ಕೆಯಾಗಿ ಹಬ್ಬಿತ್ತು. ಗುಳಿಗೆ ತಾಗಿ ಕುಳಿತಿದ್ದ ಕಡೆ ಅಂಚಿನ ಜರಿ ಕಪ್ಪಿಟ್ಟಿತ್ತು.

ಆಯಿ ಅಳಲಿಲ್ಲ. ಅತ್ತಿದ್ದರೆ ಚೆನ್ನಾಗಿತ್ತು. ಸೀರೆಯನ್ನು ಮಡಿಲಲ್ಲಿ ಹಾಕಿಕೊಂಡು, ಕಲೆಯಾದ ಜಾಗವನ್ನು ಅಂಗೈಯಿಂದ ಸವರುತ್ತ, "ಅಪ್ಪ ಹುಬ್ಬಳ್ಳಿಗೆ ಹೋಗಿ ತಂದದ್ದು" ಎಂದಷ್ಟೇ ಹೇಳಿದಳು. ಅವಳ ಅಪ್ಪ ಎರಡನೇ ಸಲ ಹೋದ ಹಾಗಿತ್ತು ಅವಳ ಮುಖ. ಅಷ್ಟು ಸಂಕಟ ನನಗೆ ಅಲ್ಲಿಯವರೆಗೆ ಯಾವ ಬಟ್ಟೆಗಾಗಿಯೂ ಆದದ್ದಿಲ್ಲ.

ಸ್ವಲ್ಪ ಹೊತ್ತಿಗೆ ಆಯಿ ಎದ್ದು, ಸೋಡಾ ಹಾಕಿ ಕುದಿಸಿದರೆ ಕಲೆ ಹೋದೀತೆಂದು ಬಚ್ಚಲ ಕಡೆ ನಡೆದಳು. ಅಜ್ಜಿ ಅಡ್ಡ ಬಂದಳು. ಈಗ ಬಂತು, ವರ್ಷಗಳ ಬಾಕಿಯನ್ನೆಲ್ಲ ತೀರಿಸಿಕೊಳ್ಳುತ್ತಾಳೆ ಎಂದುಕೊಂಡೆ.

"ಸೋಡಾ ಬೇಡ. ರೇಷ್ಮೆ ಸಾಯ್ತದೆ. ಕೂತ್ಕೊ" ಎಂದಳು ಅಜ್ಜಿ. ಒಳಗೆ ಹೋಗಿ ತನ್ನ ಪೆಟ್ಟಿಗೆಯ ತಳದಿಂದ ಆ ಕಂದು ಸೀರೆಯನ್ನೂ, ಜೊತೆಗೆ ಬಿಗಿ ಮುಚ್ಚಳದ ಹಳೆಯ ಬಿಸ್ಕೀಟು ಡಬ್ಬಿಯನ್ನೂ ತಂದು ಆಯಿಯ ಎದುರಿಗಿಟ್ಟಳು.

"ಇದು ಹಾಳಾದ್ದು ಪಂಚೇಲಿ ಅಲ್ಲ. ಈ ಡಬ್ಬೀಲಿ" ಎಂದಳು.

ಆಯಿ ತಲೆಯೆತ್ತಿ ನೋಡಿದಳು.

ಅಜ್ಜಿ ನಿಂತುಕೊಂಡೇ ಹೇಳಿದಳು. ಗಂಡ ತೀರಿಕೊಂಡ ವರ್ಷ, ಈ ಸೀರೆಯನ್ನು ಇನ್ನು ಉಡುವ ಹಾಗಿಲ್ಲವೆಂದು ಗೊತ್ತಾದಾಗ, ಅದು ಕಣ್ಣಿಗೆ ಬೀಳುವುದೇ ಬೇಡ ಎಂದು ಡಬ್ಬಿಗೆ ತುರುಕಿ, ಮುಚ್ಚಳದ ಸುತ್ತ ಬಟ್ಟೆಪಟ್ಟಿಗೆ ಅಂಟು ಹಚ್ಚಿ ಬಿಗಿದಿದ್ದಳಂತೆ. ಅದಕ್ಕೂ ಹಿಂದಿನ ಹಬ್ಬಕ್ಕೆ ಉಟ್ಟು ಬೆವರಿದ್ದ ಸೀರೆ, ಗಾಳಿಗೆ ಕೂಡ ಹಾಕಿರಲಿಲ್ಲ. "ತೆಗೆದ್ರೆ ಅವರ ನೆನಪು ಬರ್ತದೆ ಅಂತ ತೆಗೀಲೇ ಇಲ್ಲ. ಎಷ್ಟೋ ವರ್ಷ ಆತು. ತೆಗ್ದಾಗ ಕೈಯಲ್ಲಿ ಮುರೀತು, ಒಣಗಿದ ಎಲೆ ಹಾಂಗೆ. ಮಡಿಕೆ ಒಂದೇ ಜಾಗದಲ್ಲಿ ಕೂತು ಎಳೆ ಸತ್ತೋಗಿತ್ತು. ಆಮೇಲೆ ಪಂಚೇಲಿ ಸುತ್ತಿದ್ದು. ನೀನು ನೋಡಿದ್ದು ಅದನ್ನೇ."

"ಮತ್ತೆ ನಾ ಅಷ್ಟು ಸಲ ಕೇಳಿದಾಗ ಹೇಳ್ಲಿಲ್ಲ?" ಎಂದಳು ಆಯಿ.

"ಎಂತ ಹೇಳೂದು? ಹೇಳೂಕೆ ಬಾಯಿ ಬರ್ಬೇಕಲ್ಲ."

ಮನೆಯಲ್ಲಿ ಪ್ರತಿ ವರ್ಷ ಎಲ್ಲರ ಗಂಟೂ ಬಿಚ್ಚಿಸಿ ಪೀಡಿಸುತ್ತಿದ್ದ ಅಜ್ಜಿ ಯಾಕೆ ಹಾಗೆ ಪೀಡಿಸುತ್ತಿದ್ದಳೆಂದು ನನಗೆ ಅಂದು ಗೊತ್ತಾಯಿತು. ನನಗೆ ಸಿಟ್ಟೂ ಬಂತು, ಇಷ್ಟು ಮಾತನ್ನು ಮೊದಲೇ ಆಡಿದ್ದರೆ ಒಂದು ಸೀರೆ ಉಳಿಯುತ್ತಿತ್ತಲ್ಲ ಎಂದು. ಆದರೆ ಅಜ್ಜಿ ಆ ಕಂದು ಸೀರೆಯ ಉದುರಿದ ಚೂರುಗಳನ್ನು ಆಯ್ದು ಮತ್ತೆ ಪಂಚೆಯಲ್ಲಿ ಸುತ್ತುತ್ತಿದ್ದಳು. ನನ್ನ ಸಿಟ್ಟು ಇಳಿದುಹೋಯಿತು.

ಆಮೇಲೆ ಸೀರೆಯ ಆರೈಕೆ ಅಜ್ಜಿಯ ಕೈಗೆ ಹೋಯಿತು. ಅಂಗಳದಲ್ಲಿ, ಮನೆಯಿಂದ ದೂರದಲ್ಲಿ, ಮೆತ್ತನೆಯ ಬಟ್ಟೆಯಿಂದ ಒಣ ಬೂಷ್ಟನ್ನು ಕೊಡವಿಸಿದಳು. ಬಿಸಿಲಿಗೆ ಹಾಕಲು ಬಿಡಲಿಲ್ಲ. ರೇಷ್ಮೆ ಬಿಸಿಲಿಗೆ ಇನ್ನಷ್ಟು ಹಳದಿಯಾಗುತ್ತದಂತೆ. ತಣ್ಣೀರಿಗೆ ಅಂಟುವಾಳದ ತಿಳಿ ನೊರೆ ಬೆರೆಸಿ ಅದರಲ್ಲಿ ಅದ್ದಿ, ಹಿಂಡದೆ, ಹಳೆಯ ಬಟ್ಟೆಯಲ್ಲಿ ಒತ್ತಿ, ನೆರಳಿಗೆ ಹರವಿದರು. ದೀಪಾವಳಿಯ ಹೊತ್ತಿಗೆ ಮುಗ್ಗಲು ಹೋಯಿತು. ಹಳದಿ ಮಾತ್ರ ಸ್ವಲ್ಪ ತಿಳಿಯಾಗಿ ಅಲ್ಲೇ ಉಳಿಯಿತು. ಕಪ್ಪಿಟ್ಟ ಜರಿಯೂ ಹಾಗೇ ಇತ್ತು.

ಆಯಿ, "ಬೇರೆ ಸೀರೆ ತರ್ವಾ. ಇದನ್ನ ಹೆಂಗೆ ಉಡ್ಸೂದು?" ಎಂದಳು. ಅಜ್ಜಿ ಸೀರೆಯನ್ನು ನೆಲದ ಮೇಲೆ ಉದ್ದಕ್ಕೆ ಹಾಸಿಸಿದಳು. ಕೆಟ್ಟದ್ದು ಒಳತುದಿ, ಸೊಂಟಕ್ಕೆ ಸಿಕ್ಕಿಸುವ ಭಾಗ. ಮೈಸುತ್ತಿನ ಮೊದಲ ಸುತ್ತು ಮರೆಯಾಗುತ್ತದೆ, ನೆರಿಗೆಯನ್ನು ಒಳಮುಖ ಹಿಡಿದರೆ ಮಡಿಕೆಯ ಗೆರೆಗಳೂ ಮರೆಯಾಗುತ್ತವೆ. ಮೇಲಕ್ಕೆ ಕಾಣುವುದು ಚೆನ್ನಾಗಿದ್ದ ಸೆರಗು. ಅಕ್ಕನನ್ನು ನಿಲ್ಲಿಸಿ ಆಯಿಗೆ ಉಡಿಸಲು ಹೇಳಿದಳು. ತಾನು ಮುಟ್ಟಲಿಲ್ಲ. ಮದುಮಗಳ ಸೀರೆ, ತಾನು ಗಂಡ ಸತ್ತವಳು. ದೂರದಲ್ಲಿ ಕುಳಿತು, "ಇನ್ನೊಂದು ಗೇಣು ಒಳಗೆ. ಹಾಂ, ಈಗ ತಿರುಗ್ಸು" ಎನ್ನುತ್ತಿದ್ದಳು.

ಮದುವೆಯ ಮಾತುಕತೆ ಮುಗಿಸಲು ಭಟ್ಕಳದ ಬೀಗಿತಿ ಇನ್ನೊಮ್ಮೆ ಬಂದರು. ಚಹಾ ಕುಡಿಯುತ್ತ, "ಸೀರೆ ಜೋಪಾನ ಇದ್ಯಲ್ಲ? ಒಂದ್ಸಲ ನೋಡ್ವಾ" ಎಂದರು. ಆಯಿಯ ಮುಖ ಬಿಳುಚಿತು. ತಪ್ಪಿಸಲು ದಾರಿ ಇರಲಿಲ್ಲ. ಸೀರೆ ತಂದು ಹಾಸಿದಳು. ಬೀಗಿತಿ ಮಡಿಕೆ ಬಿಡಿಸಿ ಒಳತುದಿಗೆ ಬಂದು ನಿಂತರು. ಧಾರೆಯ ಸೀರೆಗೆ ಕಲೆ ಬಿದ್ದರೆ ಅಪಶಕುನ ಎನ್ನುವವರಿಗೇನೂ ಕೊರತೆ ಇರಲಿಲ್ಲ ಆ ಕಾಲದಲ್ಲಿ. ಮದುವೆಯೇ ನಿಂತುಹೋದರೆ ಎಂದು ನಾನು ಅಕ್ಕನ ಕಡೆ ನೋಡಿದೆ.

ಹೊರಗಿನವರ ಎದುರು ಎಂದೂ ಬಾರದ ಅಜ್ಜಿ ಒಳಬಾಗಿಲಿಗೆ ಬಂದಳು.

"ತಪ್ಪು ನಂದು. ಕೊಟ್ಟೇಲಿ ಹಾಕಿ ಮೇಣಬತ್ತಿ ಹಿಡ್ದದ್ದು ನಾನು. ಅವಳು ಬೇಡ ಬೇಡ ಅಂದ್ಳು. ನಾ ಕೇಳ್ಲಿಲ್ಲ" ಎಂದಳು.

ಆಯಿ ಹಿಡಿದಿದ್ದ ಸೆರಗನ್ನು ಬಿಟ್ಟು ಅಜ್ಜಿಯ ಕಡೆ ತಿರುಗಿದಳು. ಬೀಗಿತಿ ಅಜ್ಜಿಯನ್ನು ನೋಡಿದರು, ಆಯಿಯನ್ನು ನೋಡಿದರು. ಎರಡು ಮನೆಯ ಅಡುಗೆಮನೆ ಕಂಡ ಹೆಂಗಸಿಗೆ ಅಷ್ಟೂ ತಿಳಿಯುವುದಿಲ್ಲವೆ? "ನಮ್ಮಲ್ಲೂ ಈ ವರ್ಷ ನನ್ನ ಮೈದುನನ ಬಿಳಿ ಕೋಟು ಹೀಂಗೇ ಆತು" ಎಂದು ಅವರು ಕಲೆಯಿದ್ದ ತುದಿಯನ್ನು ತಾವೇ ಒಳಗೆ ಮಡಚಿದರು. "ಒಳಗೆ ಹೋಗೂ ಬದಿ ಅಲ್ದಾ? ಆತು. ಇದನ್ನೇ ಉಡ್ಸಿ."

ಅಕ್ಕನ ಧಾರೆ ಆ ಸೀರೆಯಲ್ಲೇ ಆಯಿತು. ಅಜ್ಜಿ ಒಳಕೋಣೆಯ ಕಿಟಕಿಯಿಂದ ನೋಡಿದಳು. ಸೀರೆ ಪಂಚೆಯೊಂದರಲ್ಲಿ ಸುತ್ತಿಕೊಂಡು ಭಟ್ಕಳಕ್ಕೆ ಹೋಯಿತು. ಮರುವರ್ಷ ನವರಾತ್ರಿ ಮುಗಿಸಿ ಅಕ್ಕ ತವರಿಗೆ ಬಂದಾಗ ಅದನ್ನೂ ಗಾಳಿಗೆ ಹಾಕಲೆಂದು ಕಟ್ಟಿಕೊಂಡು ಬಂದಳು.

ಅಜ್ಜಿ ಎಂದಿನಂತೆ ಜಗಲಿಯಲ್ಲಿ ಗಂಟುಗಳನ್ನು ಬಿಚ್ಚಿ ಹರವಿದಳು. ಸಂಜೆ ಬಿಸಿಲು ಇಳಿದಾಗ ಹಾಲುಬಣ್ಣದ ಸೀರೆಯ ಒಂದು ತುದಿ ಹಿಡಿದು, ಒಳಗೆ ಮುಖ ಮಾಡಿ, "ಯಾರಾದ್ರೂ ಬನ್ನಿ, ಆಚೆ ಬದಿ ಹಿಡೀರಿ" ಎಂದಳು. ನಾನು ಎದ್ದೆ. ನನಗಿಂತ ಮೊದಲು ಆಯಿ ತುರಿಯುವ ಮಣೆ ಬಿಟ್ಟು, ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಹೊರಗೆ ಹೋದಳು. ಹಳದಿಯಾದ ತುದಿಯನ್ನು ಎತ್ತಿಕೊಂಡಳು. ಇಬ್ಬರೂ ಎದುರೆದುರು ನಿಂತು ಸೀರೆಯನ್ನು ಬಿಗಿ ಮಾಡಿದರು.

"ಹಳೇ ಮಡಿಕೆ ಬಿಟ್ಟು ಹಿಡಿ" ಎಂದಳು ಅಜ್ಜಿ.

"ಆತು ಆತು" ಎಂದಳು ಆಯಿ, ಮತ್ತು ತುದಿ ಹಿಡಿದುಕೊಂಡು ಅತ್ತೆಯ ಕಡೆಗೆ ನಡೆದಳು.